ಪೀಲಿಂಗ್ ಕೋಣೆಯಲ್ಲಿ 80 ರೂಪಾಯಿ ಹೆಚ್ಚು ಕೂಲಿ ಕೊಟ್ಟ ಲೆಕ್ಕ

ಕಾರ್ಕಳ ಕಡೆಯ ನಮ್ಮ ಗೇರುಬೀಜ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ತೆಗೆಯುವ ಪೀಲಿಂಗ್ ಕೆಲಸಕ್ಕೆ ಮೊದಲು ಕೆಜಿ ಲೆಕ್ಕದ ಕೂಲಿ ಇತ್ತು. ಅದನ್ನು ಬಿಟ್ಟು ದಿನಗೂಲಿ ಮಾಡಿದೆವು. ಸುತ್ತಲಿನ ದರ 500 ಇದ್ದಾಗ ನಾವು ಕೊಟ್ಟದ್ದು 580.

ಕೆಜಿ ಲೆಕ್ಕವಾದರೆ ಕೈ ಓಡುತ್ತದೆ, ಬೀಜ ಮುರಿಯುತ್ತದೆ. ಇಡಿ ಬೀಜಕ್ಕೆ ಮಾತ್ರ ಕೂಲಿ ಎಂದರೆ ಅರ್ಧ ಸಿಪ್ಪೆ ಉಳಿದದ್ದೂ ಇಡಿ ಲೆಕ್ಕಕ್ಕೆ ಬಂದು ಬೀಳುತ್ತದೆ. ತುಂಡಿಗೆ ಕಡಿತ ಮಾಡೋಣವೆಂದರೆ ತಪ್ಪು ಯಾರದ್ದೆಂದು ಗೊತ್ತಾಗುವುದಿಲ್ಲ. ಒಣಗಿಸುವ ಒಲೆಯಾದ ಬೋರ್ಮಾದಲ್ಲಿ ತೀರ ಒಣಗಿದ ಬೀಜ ಎಷ್ಟು ಜಾಗ್ರತೆ ಮಾಡಿದರೂ ಮುರಿಯುತ್ತದೆ. ಒಣಗಿದ್ದು ಸಾಲದಿದ್ದರೆ ಸಿಪ್ಪೆ ಬಿಡದೆ ಚಾಕುವಿನಲ್ಲಿ ಕೆರೆಯಬೇಕಾಗುತ್ತದೆ. ಜಾಗ್ರತೆಯನ್ನು ಹೀಗೆ ಅಳೆಯಲಾಗದ ಕಡೆ, ಕಳೆದುಕೊಳ್ಳಲು ಮನಸ್ಸಾಗದಂಥ ಕೂಲಿ ಕೊಡುವುದೇ ದಾರಿ. ಅರ್ಥಶಾಸ್ತ್ರಜ್ಞರಾದ ಶಪಿರೊ ಮತ್ತು ಸ್ಟಿಗ್ಲಿಟ್ಸ್ 1984ರಲ್ಲಿ ಮಂಡಿಸಿದ ವಾದದ ತಿರುಳೂ ಇದೇ.

80 ರೂಪಾಯಿಗೆ ನಮ್ಮ ಪಾಲಿನ ಪಿಎಫ್ ಶೇ. 12, ಇಎಸ್‌ಐ ಶೇ. 3.25 ಸೇರಿದರೆ ಸುಮಾರು 92. ಕೋಣೆಯಲ್ಲಿ 20 ಹೆಂಗಸರು. ದಿನಕ್ಕೆ 1,840 ಹೆಚ್ಚುವರಿ ಖರ್ಚು. ಒಬ್ಬೊಬ್ಬರು 10 ಕೆಜಿಯಂತೆ 200 ಕೆಜಿ ಬೀಜ ಬರುತ್ತದೆ. ಇಡಿ ಮತ್ತು ತುಂಡಿನ ದರದಲ್ಲಿ ಕೆಜಿಗೆ 160 ವ್ಯತ್ಯಾಸ ಹಿಡಿದರೆ, ದಿನಕ್ಕೆ ಹನ್ನೊಂದೂವರೆ ಕೆಜಿ ತುಂಡು ಕಡಿಮೆಯಾದಾಗ ಅಸಲು ಹುಟ್ಟುತ್ತದೆ. ತುಂಡು ಶೇ. 18ರಿಂದ 12ಕ್ಕೆ ಇಳಿದರೂ ಉಳಿಯುವುದು ದಿನಕ್ಕೆ 80 ರೂಪಾಯಿ ಅಷ್ಟೇ! ನಿಜವಾದ ಲಾಭ ಇರುವುದು ಬಿಟ್ಟುಹೋಗುವವರು ಕಡಿಮೆಯಾಗುವುದರಲ್ಲಿ. ಹೊಸಬರ ಕೈ ಕುದುರಲು ತಿಂಗಳು ಬೇಕು, ಅಲ್ಲಿಯವರೆಗೆ ಅವರ ತಟ್ಟೆಯಲ್ಲಿ ತುಂಡೇ ಹೆಚ್ಚು.

ಕೆಲಸ ಹೋಗಬಹುದೆಂಬ ಮಾತಿಗೆ ಬೆಲೆ ಇಲ್ಲದಿದ್ದರೆ ಹೆಚ್ಚುವರಿ ಕೂಲಿ ಬರೀ ದಾನ. ಆದರೆ ಅಳತೆ ನ್ಯಾಯವಾಗಿರಬೇಕು. ಹಾಗಾಗಿ ಒಬ್ಬರ ತಟ್ಟೆಯನ್ನು ಅದೇ ದಿನದ, ಅದೇ ಬೋರ್ಮಾ ಲಾಟಿನ ಕೋಣೆಯ ಸರಾಸರಿಗೆ ಹೋಲಿಸಿ ಬರೆದಿಡುತ್ತೇವೆ. ಒಣಗಿಸಿದವರ ತಪ್ಪು ಎಲ್ಲರ ತಟ್ಟೆಯಲ್ಲೂ ಕಾಣುತ್ತದೆ. ಒಬ್ಬರದ್ದೇ ಆದರೆ ಮೂರು ವಾರದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮೊದಲು ಹಳಬರ ಪಕ್ಕ ಕೂರಿಸುತ್ತೇವೆ, ಆಮೇಲೂ ಸರಿಯಾಗದಿದ್ದರೆ ಬಿಡಿಸುತ್ತೇವೆ.

ಕೆಡುವುದು ಏಪ್ರಿಲ್‌ನಲ್ಲಿ. ತುಟ್ಟಿಭತ್ಯೆ ಏರಿ ಎಲ್ಲ ಕಡೆಯ ಕೂಲಿಯೂ ಮೇಲೆ ಹೋದಾಗ ನಾವು 580ರಲ್ಲೇ ನಿಂತರೆ ಅಂತರ ಕರಗುತ್ತದೆ. ಪಕ್ಕದ ಕಾರ್ಖಾನೆ ಏರಿಸಿದರೂ ಅಷ್ಟೇ. ಅದರ ಗುರುತು ಮೊದಲು ಹಾಜರಿ ಪುಸ್ತಕದಲ್ಲಿ ಸಿಗುತ್ತದೆ: ಕೋಲ, ಜಾತ್ರೆಯ ಮರುದಿನದ ರಜೆ ಒಂದರಿಂದ ಎರಡಾಗುತ್ತದೆ. ತುಂಡಿನ ಲೆಕ್ಕ ಏರುವುದು ಆಮೇಲೆ. ಅದಕ್ಕೇ 580 ಎಂಬ ಅಂಕಿಯನ್ನು ಹಿಡಿದುಕೊಳ್ಳದೆ, ಸುತ್ತಲಿನ ದರ ವಿಚಾರಿಸಿ ಅದರ ಮೇಲೆ ಶೇ. 16ರಷ್ಟು ಹೆಚ್ಚಿಗೆ ಇಡುತ್ತೇವೆ. ತುಂಡಿನ ದರ ಇಡಿಯ ಹತ್ತಿರ ಬಂದ ವರ್ಷ ಮಾತ್ರ ಈ ಲೆಕ್ಕವನ್ನೇ ಮತ್ತೆ ಮೊದಲಿನಿಂದ ಹಾಕಬೇಕು.