ಹೊರಗೆ 40 ಡಿಗ್ರಿ, ನಿಮ್ಮ ತಾರಸಿಗೆ 70: ಸೋಲ್-ಏರ್ ಲೆಕ್ಕ ಹಾಕುವುದು ಹೇಗೆ?

ಎಸಿ ಕೊಳ್ಳುವಾಗ, ತಾರಸಿಗೆ ಬಣ್ಣ ಹೊಡೆಸುವಾಗ ಜನ ನೋಡುವುದು ಒಂದೇ ಅಂಕಿ: ಪೇಪರಿನಲ್ಲಿ ಬಂದ ಗರಿಷ್ಠ ತಾಪಮಾನ. ಕಲಬುರಗಿಯಲ್ಲಿ 40 ಡಿಗ್ರಿ ಎಂದಿದ್ದರೆ ತಾರಸಿಗೂ 40 ಎಂದೇ ಹಿಡಿಯುತ್ತಾರೆ. ಆ 40 ಅಳೆದದ್ದು ಬಿಸಿಲು ತಾಗದ, ಗಾಳಿಯಾಡುವ ಪೆಟ್ಟಿಗೆಯೊಳಗೆ. ತಾರಸಿ ಮಾತ್ರ ಬೆಳಗಿನಿಂದ ಸಂಜೆವರೆಗೆ ಬಯಲಿಗೆ ಬಿದ್ದಿರುತ್ತದೆ. ಹಾಗಾಗಿ ಅದಕ್ಕೆ ಬೇರೆಯದೇ ಅಂಕಿ ಬೇಕು. ಎಂಜಿನಿಯರುಗಳು ಅದನ್ನು ಸೋಲ್-ಏರ್ ತಾಪಮಾನ ಅನ್ನುತ್ತಾರೆ.

ಅದೇನು ಅಂದರೆ, ಬಿಸಿಲೇ ಇಲ್ಲ, ಬರೀ ಗಾಳಿ ಇದೆ ಎಂದುಕೊಳ್ಳಿ. ಈಗ ಬಿಸಿಲೂ ಗಾಳಿಯೂ ಸೇರಿ ತಾರಸಿಯೊಳಗೆ ಎಷ್ಟು ಶಾಖ ನುಗ್ಗಿಸುತ್ತಿವೆಯೋ, ಅಷ್ಟನ್ನೇ ನುಗ್ಗಿಸಲು ಆ ಗಾಳಿ ಎಷ್ಟು ಬಿಸಿ ಇರಬೇಕಾಗಿತ್ತು? ಆ ಉತ್ತರವೇ ಸೋಲ್-ಏರ್ ತಾಪಮಾನ. ಲೆಕ್ಕ ಒಂದು ಸಾಲಿನದು:

```
T_sa = T_o + (a × I / h) − 4
```

ಇಲ್ಲಿ T_o ಹೊರಗಿನ ಗಾಳಿಯ ಬಿಸಿ. I ಎಂದರೆ ಆ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಬೀಳುವ ಬಿಸಿಲು, ವ್ಯಾಟ್‌ಗಳಲ್ಲಿ. a ಎಂದರೆ ಆ ಬಿಸಿಲಿನಲ್ಲಿ ಎಷ್ಟು ಪಾಲನ್ನು ಮೇಲ್ಮೈ ಹೀರಿಕೊಳ್ಳುತ್ತದೆ ಎಂಬುದು. h ಎಂದರೆ ಹೀರಿದ್ದನ್ನು ಮೇಲ್ಮೈ ಎಷ್ಟು ಸಲೀಸಾಗಿ ಹೊರಕ್ಕೆ ಬಿಡುತ್ತದೆ ಎಂಬುದು. ಕೊನೆಯ 4, ಚಪ್ಪಟೆ ತಾರಸಿ ತೆರೆದ ಆಕಾಶಕ್ಕೆ ಬಿಟ್ಟುಕೊಡುವ ಶಾಖಕ್ಕೆ ಕೊಡುವ ಸೋಡಿ. ಗೋಡೆಗೆ ಈ ಸೋಡಿ ಇಲ್ಲ, ಯಾಕಂದರೆ ಅದು ಅರ್ಧ ಆಕಾಶವನ್ನೂ ಅರ್ಧ ಕಾದ ನೆಲವನ್ನೂ ನೋಡುತ್ತಿರುತ್ತದೆ.

ಸುಲಭದ ಹೆಜ್ಜೆಗಳು

ಗಾಳಿಯ ಬಿಸಿ ಪೇಪರಿನಿಂದ ತೆಗೆದುಕೊಳ್ಳಿ. h ಅನ್ನು ಎಂಜಿನಿಯರುಗಳು 17ರಿಂದ 23ರವರೆಗೆ ಹಿಡಿಯುತ್ತಾರೆ. ನಾನು 20 ಹಿಡಿಯುತ್ತೇನೆ, ನೀವೂ ಅದನ್ನೇ ಹಿಡಿಯಿರಿ. ಮೇ ತಿಂಗಳ ಶುಭ್ರ ಆಕಾಶದಲ್ಲಿ ಮಧ್ಯಾಹ್ನ 1 ಗಂಟೆಯ ಹೊತ್ತಿಗೆ ಚಪ್ಪಟೆ ತಾರಸಿಗೆ I ಸುಮಾರು 900.

ಕೈಕೊಡುವ ಹೆಜ್ಜೆ: ಬಣ್ಣ

ಎಲ್ಲರೂ ಎಡವುವುದು a ಹಿಡಿಯುವಾಗ. ಹಳೇ ಕಾಂಕ್ರೀಟ್ ತಾರಸಿ, ಮಳೆಗೆ ಪಾಚಿ ಕಟ್ಟಿ ಕಪ್ಪಗಾಗಿದ್ದರೆ, 0.75 ಹಿಡಿಯಿರಿ. ಕೆಂಪು ಹೆಂಚು, ಕೆಂಪು ಟೈಲ್ಸ್ ಹೆಚ್ಚುಕಡಿಮೆ ಅಷ್ಟೇ. ಹೊಸದಾಗಿ ಹೊಡೆದ ಒಳ್ಳೆಯ ಬಿಳಿ ಬಣ್ಣ ಅಥವಾ ದಪ್ಪಗೆ ಬಳಿದ ಸುಣ್ಣಕ್ಕೆ 0.25.

ಇಷ್ಟು ಓದಿ ಜನ ನೇರ 0.25 ಹಾಕಿ ಲೆಕ್ಕ ಮುಗಿಸಿಬಿಡುತ್ತಾರೆ. ಅಲ್ಲೇ ತಪ್ಪುವುದು. ಕಲಬುರಗಿ, ರಾಯಚೂರು ಕಡೆ ಬೇಸಿಗೆಯ ಧೂಳು ಬಿಳಿ ತಾರಸಿಯನ್ನು ಬೇಗನೆ ಬೂದು ಮಾಡಿಬಿಡುತ್ತದೆ. ಹೋದ ವರ್ಷ ಬಣ್ಣ ಹೊಡೆಸಿದ ತಾರಸಿಗೆ ಹತ್ತಿ, ಒದ್ದೆ ಬಟ್ಟೆಯಿಂದ ಅಂಗೈ ಅಗಲದ ಜಾಗ ಉಜ್ಜಿ ನೋಡಿ. ಬಟ್ಟೆಗೆ ಧೂಳು ಮೆತ್ತಿಕೊಳ್ಳುತ್ತದೆ, ಉಜ್ಜಿದ ಜಾಗ ಹೊಸ ಹಲ್ಲಿನ ಹಾಗೆ ಎದ್ದು ಕಾಣುತ್ತದೆ. ಸುತ್ತಲಿನ ಬಣ್ಣ 0.45ಕ್ಕೆ ಬಂದಿದೆ ಎಂದೇ ಇಟ್ಟುಕೊಳ್ಳಿ. ಯಾವಾಗಲೂ ಮಾಸಿದ ಅಂಕಿಯಲ್ಲೇ ಲೆಕ್ಕ ಹಾಕಿ. ಯುಗಾದಿಗೆ ಮುಂಚೆ ಒಂದು ಸಲ ತಾರಸಿ ತೊಳೆಯುವುದು, ಇನ್ನೊಂದು ಕೋಟ್ ಹೊಡೆಸುವುದಕ್ಕಿಂತ ಅಗ್ಗ.

ಎರಡನೇ ತೊಂದರೆ ಕಣ್ಣಿನದು. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ, ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅದನ್ನು ಮೇಲ್ಮೈ ಹೀರುತ್ತದೋ ವಾಪಸ್ ಕಳಿಸುತ್ತದೋ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೇ ಥರ ಕಾಣುವ ಎರಡು ಬಣ್ಣಗಳ a ಬೇರೆ ಬೇರೆ ಇರಬಹುದು. ಅಂಗಡಿಯ ಶೇಡ್ ಕಾರ್ಡ್ ನೋಡಿ ಆರಿಸಬೇಡಿ. ಡಬ್ಬಿಯ ಮೇಲೆ ಬಿಸಿಲು ಪ್ರತಿಫಲನದ ಅಂಕಿ ಎಷ್ಟಿದೆ, ಅದು ಹೊಸದರದ್ದೋ ಮೂರು ವರ್ಷ ಮಾಸಿದ್ದರದ್ದೋ ಎಂದು ಕೇಳಿ. 1ರಿಂದ ಆ ಅಂಕಿ ಕಳೆದರೆ ಸಿಗುವುದೇ a. "15 ಡಿಗ್ರಿ ತಂಪು" ಎಂದಷ್ಟೇ ಬರೆದಿದ್ದರೆ ಡಬ್ಬಿ ಅಲ್ಲೇ ಇಟ್ಟು ಬನ್ನಿ. ತಾರಸಿಯ ಮೇಲ್ಮೈ 15 ಡಿಗ್ರಿ ಇಳಿಯುವುದಕ್ಕೂ ಕೋಣೆ 15 ಡಿಗ್ರಿ ಇಳಿಯುವುದಕ್ಕೂ ಅಜಗಜಾಂತರ. ಹಾಗೆ ಬರೆಯುವವರು ಯಾವುದು ಇಳಿಯುತ್ತದೆ ಅಂತ ಬಾಯಿ ಬಿಡುವುದಿಲ್ಲ.

ಮೂರನೆಯದು ತಗಡು. ಹೊಸ ಜಿಂಕ್ ಶೀಟು ಫಳಫಳ ಹೊಳೆಯುತ್ತದೆ, a ಕೂಡ 0.4ರ ಆಸುಪಾಸು. ಹಾಗಾದರೆ ತಂಪಾಗಿರಬೇಕಲ್ವಾ? ಇಲ್ಲ. h ಅಂತ ಹಿಡಿದ 20ರಲ್ಲಿ ಸುಮಾರು 6, ಮೇಲ್ಮೈ ತನ್ನ ಶಾಖವನ್ನು ಕಿರಣವಾಗಿ ಬಿಡುವುದರಿಂದ ಬರುತ್ತದೆ. ಹೊಳೆಯುವ ಲೋಹಕ್ಕೆ ಆ ಗುಣ ತೀರಾ ಕಡಿಮೆ. ಅದರ h 15ಕ್ಕೆ ಇಳಿಯುತ್ತದೆ. ಆಕಾಶದ ಸೋಡಿಯೂ ಇಲ್ಲವೆನ್ನುವಷ್ಟು. ಲೆಕ್ಕ ಹೀಗೆ: 0.4 × 900 / 15 = 24, ಒಟ್ಟು 64 ಡಿಗ್ರಿ. ಅದೇ ಶೀಟಿಗೆ ಬಿಳಿ ಬಣ್ಣ ಹೊಡೆದರೆ 47ಕ್ಕೆ ಬರುತ್ತದೆ. ಅಂದಹಾಗೆ, ಪಿಸ್ತೂಲಿನಂಥ ಅವಗೆಂಪು ಥರ್ಮಾಮೀಟರನ್ನು ಹೊಳೆಯುವ ಶೀಟಿಗೆ ಹಿಡಿಯಬೇಡಿ. ಅದು ಶೀಟಿನಲ್ಲಿ ಪ್ರತಿಫಲಿಸುವ ಆಕಾಶವನ್ನು ಓದಿ ಸುಳ್ಳು ಅಂಕಿ ತೋರಿಸುತ್ತದೆ. ಕಾಂಕ್ರೀಟಿಗೆ, ಬಣ್ಣ ಹೊಡೆದ ಮೇಲ್ಮೈಗೆ ಅದು ಸರಿಹೋಗುತ್ತದೆ.

ಈಗ ಲೆಕ್ಕ

ಕಲಬುರಗಿ, ಮೇ ತಿಂಗಳು, ಮಧ್ಯಾಹ್ನ 1 ಗಂಟೆ, ಗಾಳಿ 40 ಡಿಗ್ರಿ.

```
ಕಪ್ಪಾದ ತಾರಸಿ : 40 + (0.75 × 900 / 20) − 4 ≈ 70
ಮಾಸಿದ ಬಿಳಿ   : 40 + (0.45 × 900 / 20) − 4 ≈ 56
ಹೊಸ ಬಿಳಿ     : 40 + (0.25 × 900 / 20) − 4 ≈ 47
```

ಇದರಿಂದ ಕೋಣೆಯೊಳಗೆ ಎಷ್ಟು ಶಾಖ ಇಳಿಯುತ್ತದೆ ಎಂದು ತಿಳಿಯಲು, ಸೋಲ್-ಏರ್ ಅಂಕಿಯಿಂದ ಒಳಗಿನ ತಾಪಮಾನ ಕಳೆದು, ಚಾವಣಿಯ ಯು-ಮೌಲ್ಯದಿಂದ ಗುಣಿಸಿ. ಯು-ಮೌಲ್ಯ ಎಂದರೆ ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್ ಚಾವಣಿ ಎಷ್ಟು ವ್ಯಾಟ್ ಶಾಖ ದಾಟಿಸುತ್ತದೆ ಎಂಬುದು. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್, ಕೆಳಗೆ ಗಿಲಾವು ಇದ್ದರೆ ಆ ಮೌಲ್ಯ ಸುಮಾರು 3.2. ಒಳಗೆ 32 ಡಿಗ್ರಿ ಇದ್ದರೆ ಕಪ್ಪು ತಾರಸಿಯಿಂದ ಪ್ರತಿ ಚದರ ಮೀಟರಿಗೆ 120 ವ್ಯಾಟ್‌ಗಿಂತ ತುಸು ಜಾಸ್ತಿ, ಹೊಸ ಬಿಳಿಯಿಂದ 48. ಹತ್ತಡಿ ಹನ್ನೆರಡಡಿ ಕೋಣೆಗೆ ಕಪ್ಪು ತಾರಸಿ 1,350 ವ್ಯಾಟ್ ಸುರಿಯುತ್ತದೆ. ಒಂದು ಟನ್ ಎಸಿ ಹೊರಹಾಕುವುದೇ ಸುಮಾರು 3,500 ವ್ಯಾಟ್. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಬರೀ ತಾರಸಿಯ ಶಾಖಕ್ಕೇ ಹೋಯಿತು. ಕೋಣೆಯ ಚದರಡಿ ಕೇಳಿ ಫೋನಿನಲ್ಲೇ ಟನ್ ಹೇಳಿಬಿಡುವವರು ಇದನ್ನು ಕೇಳುವುದೇ ಇಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಒಂದು, 70 ಎಂದರೆ ತಾರಸಿ ಮುಟ್ಟಿದರೆ 70 ಇರುತ್ತದೆ ಎಂದು ತಿಳಿಯುವುದು. ಇರುವುದಿಲ್ಲ. ಶಾಖದ ಒಂದು ಪಾಲು ಒಳಗೆ ಹರಿದು ಹೋಗುತ್ತಿರುತ್ತದಲ್ಲ, ಅಷ್ಟು ಕಡಿಮೆ ಇರುತ್ತದೆ: 120 ಭಾಗಿಸು 20, ಅಂದರೆ 6 ಡಿಗ್ರಿ ಇಳಿದು 64. ಥರ್ಮಾಮೀಟರ್ 64 ತೋರಿಸಿದರೆ ನಿಮ್ಮ ಲೆಕ್ಕ ತಪ್ಪಿಲ್ಲ. ಎರಡು, ಸೋಲ್-ಏರ್ ಬಳಸಿದ ಮೇಲೂ ಬಿಸಿಲಿನ ಶಾಖ ಅಂತ ಇನ್ನೊಂದು ಸಲ ಸೇರಿಸುವುದು. ಅದು ಆಗಲೇ ಒಳಗಿದೆ. ಗಾಜಿನ ಕಿಟಕಿಗೆ ಮಾತ್ರ ಬೇರೆ ಲೆಕ್ಕ, ಅಲ್ಲಿ ಬಿಸಿಲು ನೇರ ಒಳಗೆ ಬರುತ್ತದೆ.

ಸೂರ್ಯ ಎಲ್ಲಿದ್ದಾನೆ?

a ಎಷ್ಟೇ ಇರಲಿ, I ಎಷ್ಟು ಎಂಬುದು ಕಿರಣ ಬೀಳುವ ಕೋನದ ಮೇಲೆ ನಿಂತಿದೆ. ಕಿರಣ ಮೇಲ್ಮೈಗೆ ನೆಟ್ಟಗೆ ಬಿದ್ದರೆ ಪೂರ್ತಿ ಸಿಗುತ್ತದೆ. ಓರೆಯಾದಷ್ಟೂ ಅದೇ ಬಿಸಿಲು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಕಲಬುರಗಿ 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 8-9ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆಗ ತಾರಸಿ ಪೂರ್ತಿ ತಿನ್ನುತ್ತದೆ. ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ ಅನ್ನಬಹುದು. ಆಕಾಶದ ಬೆಳಕು, ನೆಲದಿಂದ ಪುಟಿಯುವ ಬಿಸಿ, ಎರಡೂ ಸೇರಿ 170 ವ್ಯಾಟ್, a 0.6 ಹಿಡಿದರೆ ಗೋಡೆಯ ಸೋಲ್-ಏರ್ ಸುಮಾರು 45 ಅಷ್ಟೇ. ಡಿಸೆಂಬರಿನಲ್ಲಿ ಇದು ತಿರುಗುಮುರುಗು. ಮಧ್ಯಾಹ್ನವೂ ಸೂರ್ಯ ಸುಮಾರು 49 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ದಕ್ಷಿಣದ ಗೋಡೆ ಚೆನ್ನಾಗಿ ಕಾಯುತ್ತದೆ.

ಹಾಗಾಗಿ ಬೇಸಿಗೆಯ ಸೆಕೆಗೆ ಅಂತ ದಕ್ಷಿಣದ ಗೋಡೆಗೆ ದುಡ್ಡು ಸುರಿಯಬೇಡಿ. ಪಡುವಣ ಗೋಡೆ ನೋಡಿಕೊಳ್ಳಿ. ಮೇ ತಿಂಗಳ ಸಂಜೆ 4:20ರ ಸುಮಾರಿಗೆ ಸೂರ್ಯ 33 ಡಿಗ್ರಿಯಷ್ಟು ಎತ್ತರಕ್ಕೆ ಇಳಿದು ಆ ಗೋಡೆಯ ಎದೆಗೇ ಹೊಡೆಯುತ್ತಾನೆ. ಆಗ ಗೋಡೆಗೆ ಸುಮಾರು 650 ವ್ಯಾಟ್, ತಾರಸಿಗೆ 480. ಗಾಳಿ ಆಗಲೂ 40ರಲ್ಲೇ ಇದೆ ಎಂದುಕೊಳ್ಳಿ. ಬಣ್ಣ ಮಾಸಿದ ಗೋಡೆಗೆ a 0.6 ಹಿಡಿದರೆ:

```
ಪಡುವಣ ಗೋಡೆ    : 40 + (0.6 × 650 / 20) ≈ 60
ಕಪ್ಪಾದ ತಾರಸಿ : 40 + (0.75 × 480 / 20) − 4 = 54
```

ಅಂದರೆ ಸಂಜೆಯ ಹೊತ್ತಿಗೆ ಗೋಡೆ ತಾರಸಿಯನ್ನೇ ಮೀರಿಸುತ್ತದೆ. ಕಿಟಕಿಯ ಮೇಲಿನ ಸಜ್ಜಾ ಇದಕ್ಕೆ ಸಾಲದು, ಓರೆ ಬಿಸಿಲು ಅದರ ಕೆಳಗಿನಿಂದ ನುಸುಳುತ್ತದೆ. ಗೋಡೆಯಿಂದ ಒಂದಡಿ ಬಿಟ್ಟು ಶೇಡ್ ನೆಟ್ ಇಳಿಬಿಡಿ. ಇಲ್ಲವೇ ಹೊಂಗೆ, ಬೇವು ಬೆಳೆಸಿ. ಇವು I ಅನ್ನೇ ಇಳಿಸುತ್ತವೆ, ಬಣ್ಣ a ಅನ್ನು ಮಾತ್ರ. ತಾರಸಿಗೆ ಮೊದಲು ಬಣ್ಣ, ಪಡುವಣ ಗೋಡೆಗೆ ಮೊದಲು ನೆರಳು. ಸ್ಲ್ಯಾಬಿನ ಕೆಳಗೆ ಗಾಳಿಗೆ ಜಾಗವೇ ಬಿಡದೆ ಅಂಟಿಸುವ ಬೆಳ್ಳಿ ಹಾಳೆಗೆ ಮಾತ್ರ ದುಡ್ಡು ಕೊಡಬೇಡಿ. ಅದರ ಹೊಳಪು ಕೆಲಸ ಮಾಡುವುದೇ ಗಾಳಿಯ ಸಂದಿನಲ್ಲಿ.

ಒಂದು ಮಿತಿ ನೆನಪಿರಲಿ. ಮೇಲಿನ ವ್ಯಾಟ್ ಲೆಕ್ಕ, ಮೇಲೆ ಬಿದ್ದ ಶಾಖ ತಕ್ಷಣ ಕೆಳಗಿಳಿಯುತ್ತದೆ ಎಂದು ಹಿಡಿದದ್ದು. ಆರ್‌ಸಿಸಿ ಮೊದಲು ಶಾಖ ಕುಡಿದು, ಮೂರ್ನಾಲ್ಕು ತಾಸು ಬಿಟ್ಟು ಕೆಳಗೆ ಬಿಡುತ್ತದೆ. ಶಿಖರವೂ ಲೆಕ್ಕದ್ದಕ್ಕಿಂತ ತಗ್ಗುತ್ತದೆ. ಮಧ್ಯಾಹ್ನ 1ರ ಬಿಸಿಲು ಫ್ಯಾನಿನ ಕೆಳಗೆ ತಾಗುವುದು ಸಂಜೆ ಐದರ ಹೊತ್ತಿಗೆ. ಅದೇ ಹೊತ್ತಿಗೆ ಪಡುವಣ ಗೋಡೆಯೂ ಕಾಯುತ್ತಿರುತ್ತದೆ. ತಗಡಿನ ಮನೆಯಲ್ಲಿ ಈ ತಡವೇ ಇಲ್ಲ, ಅಲ್ಲಿ ಒಂದು ಗಂಟೆಯ ಶಾಖ ಒಂದು ಗಂಟೆಗೇ ತಲೆ ಮೇಲೆ. ದಪ್ಪ ಮಣ್ಣಿನ ಮಾಳಗಿಯಲ್ಲಿ ತಡ ಇನ್ನೂ ಹೆಚ್ಚು. ಹಾಗಾಗಿ ಬಣ್ಣ ಹೊಡೆಸಿದ ಮೇಲೆ ಫಲ ಸಿಕ್ಕಿತೇ ಎಂದು ನೋಡಲು ಆರ್‌ಸಿಸಿ ಮನೆಯವರು ಮಧ್ಯಾಹ್ನ ಒಳಗೆ ಬಂದು ಕೈ ಎತ್ತಿ ಚಾವಣಿ ಮುಟ್ಟಬೇಡಿ. ಸಂಜೆ ಐದು-ಆರರ ಹೊತ್ತಿಗೆ ಅವಗೆಂಪು ಥರ್ಮಾಮೀಟರನ್ನು ಚಾವಣಿಯ ಒಳಮೈಗೆ ಹಿಡಿಯಿರಿ, ಬಣ್ಣ ಹೊಡೆಯುವ ಮುಂಚೆಯ ಅಂಥದೇ ಬಿಸಿಲಿನ ದಿನದ ಅಂಕಿಯ ಜೊತೆ ಹೋಲಿಸಿ.