ಟಾನಿಕ್ ಬಿಟ್ಟೆ, ಬುಖಾರಿ ಹಿಡಿದೆ: ಸಾಸವಡದಲ್ಲಿ ನನ್ನ ಬ್ರಾಯ್ಲರ್ ಅನುಭವ

ಹೋದ ಚಳಿಗಾಲದ ಬ್ಯಾಚ್ 36 ದಿನಕ್ಕೆ ಸರಾಸರಿ ಎರಡು ಕೆಜಿ ದಾಟಿತು. ಗ್ರೋತ್ ಟಾನಿಕ್ ಒಂದು ಹನಿ ಹಾಕಿರಲಿಲ್ಲ. ಆಂಟಿಬಯೋಟಿಕ್ ಪುಡಿಯೂ ಇರಲಿಲ್ಲ. "ಟಾನಿಕ್ ಇಲ್ಲದೆ ಚಳಿಯಲ್ಲಿ ಒಂದೂ ಮುಕ್ಕಾಲು ಕೆಜಿ ಬಂದ್ರೆ ದೊಡ್ಡದು" ಎಂದಿದ್ದ ನಮ್ಮ ಭಾವ, ವ್ಯಾಪಾರಿ ಕೋಳಿ ಎತ್ತುವ ಲಿಫ್ಟಿಂಗ್ ದಿನ ತಕ್ಕಡಿ ಪಕ್ಕದಲ್ಲೇ ನಿಂತು ನೋಡಿದರು. ಸುತ್ತಲಿನ ಶೆಡ್‌ನವರು ಈಗ ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪುಣೆ ಹತ್ತಿರದ ಸಾಸವಡದ ಕಡೆ ಮೂರು ಸಾವಿರ ಕೋಳಿಯ ತೆರೆದ ಶೆಡ್. ಊರು ವಿಜಯಪುರದ ಕಡೆ. ವ್ಯಾಪಾರಿಗೆ ಕೊಟ್ಟು ಉಳಿದಿದ್ದನ್ನು ಪುಣೆಯಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ನಾನೇ ಕೊಡುತ್ತೇನೆ. ಅಲ್ಲಿ ಪ್ರತಿ ಸಲ ಒಂದೇ ಪ್ರಶ್ನೆ. "ಅಣ್ಣಾರ, ಇದು ಇಂಜೆಕ್ಷನ್ ಕೋಳಿ ಅಲ್ರಿ? ಹಾರ್ಮೋನ್ ಕೊಡದೆ ಐದು ವಾರಕ್ಕೆ ಇಷ್ಟು ದಪ್ಪ ಹೆಂಗಾಗ್ತದ?"

ಕೇಳುವವರ ತಪ್ಪೇನಿಲ್ಲ. ಐದಾರು ದಿನದ ಮರಿ ಹಿಡಿದು ಕುತ್ತಿಗೆಯ ಚರ್ಮಕ್ಕೆ ಸೂಜಿ ಹಾಕುವುದನ್ನು ಶೆಡ್‌ಗೆ ಬಂದವರು ನೋಡುತ್ತಾರೆ. ಅದು ರಾಣಿಖೇತ್ ರೋಗದ ಲಸಿಕೆ. ಅದರ ಜೊತೆಗೇ ಅದೇ ರೋಗದ ಲಸೋಟಾ ಲಸಿಕೆಯ ಹನಿ ಕಣ್ಣಿಗೆ ಹೋಗುತ್ತದೆ. ಆಮೇಲೆ ಗುಂಬೋರೋ ರೋಗದ ಲಸಿಕೆ ನೀರಿನಲ್ಲಿ. ಹಾರ್ಮೋನ್ ಮಾತಿಗೂ ಹಿಂದೆ ಒಂದು ನಿಜವಾದ ಕಥೆ ಇದೆ. ಅಮೆರಿಕದಲ್ಲಿ 1940-50ರ ದಶಕದಲ್ಲಿ ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಹಾರ್ಮೋನ್ ಗುಳಿಗೆಯನ್ನು ಹುಂಜದ ಕುತ್ತಿಗೆಯ ಚರ್ಮದ ಕೆಳಗೆ ಇಡುತ್ತಿದ್ದರು. ಕೊಬ್ಬು ಕಟ್ಟಿಸಿ ಮಾಂಸ ಮೆತ್ತಗೆ ಮಾಡುವುದಕ್ಕೆ ಅದು. 1959ರಲ್ಲಿ ಅಲ್ಲಿ ಅದನ್ನು ನಿಲ್ಲಿಸಿದರು. ಕುತ್ತಿಗೆ ತಿನ್ನಬೇಡಿ ಅನ್ನುವ ಮಾತು ಮಾತ್ರ ಇನ್ನೂ ನಿಂತಿಲ್ಲ.

ನಾವು ಯಾಕೆ ಹಾರ್ಮೋನ್ ಕೊಡುವುದಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಲೆಕ್ಕದ್ದು. ಬೆಳವಣಿಗೆ ಹಾರ್ಮೋನ್ ಒಂದು ಪ್ರೋಟೀನ್. ಫೀಡ್‌ನಲ್ಲಿ ಹಾಕಿದರೆ ಸೋಯಾ ಹಿಂಡಿ ಹೇಗೆ ಜೀರ್ಣವಾಗುತ್ತದೋ ಅದೂ ಹಾಗೇ ಜೀರ್ಣವಾಗಿ ಹೋಗುತ್ತದೆ. ಕೆಲಸ ಮಾಡಬೇಕೆಂದರೆ ಚುಚ್ಚಬೇಕು. ರಕ್ತದಲ್ಲಿ ಅದು ಜಾಸ್ತಿ ಹೊತ್ತು ಉಳಿಯುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಚುಚ್ಚಬೇಕು. ಮೂರು ಸಾವಿರ ಕೋಳಿಯನ್ನು ದಿನಾ ಯಾರು ಹಿಡಿಯುತ್ತಾರೆ? ಹಿಡಿದರೂ ಆ ಗಾಬರಿಗೇ ಅವು ಮೇವು ಬಿಡುತ್ತವೆ. ಲಸಿಕೆಗೆ ಒಂದು ಸಲ ಹಿಡಿದ ದಿನವೇ ಫೀಡ್ ಕಡಿಮೆಯಾಗುವುದು ನಮಗೆಲ್ಲ ಗೊತ್ತಲ್ವಾ. ಅದರ ಮೇಲೆ, ಕೋಳಿಗೆ ಎಂದು ಮಾಡಿದ ಬೆಳವಣಿಗೆ ಹಾರ್ಮೋನ್ ಅಂಗಡಿಯಲ್ಲಿ ಸಿಗುವ ಔಷಧಿಯೇ ಅಲ್ಲ. ಒಂದು ಕೋಳಿಯಲ್ಲಿ ಹತ್ತು ಹದಿನೈದು ರೂಪಾಯಿ ಉಳಿದರೆ ಸಾಕು ಎನ್ನುವ ಧಂದೆಯಲ್ಲಿ ಇದು ನಡೆಯುವ ಮಾತಲ್ಲ.

ಹಾಗಾದರೆ ಬೆಳೆಸುವುದು ಏನು? ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಶೆಡ್‌ನ ಮೂಲೆಯಲ್ಲಿ ಬೇಲಿ ಕಟ್ಟಿ ಮೂರು ಸಣ್ಣ ಪೆನ್ ಮಾಡಿದೆ. ಒಂದರಲ್ಲಿ ಬ್ರಾಯ್ಲರ್ ಮರಿ, ಬ್ರಾಯ್ಲರ್ ಫೀಡ್. ಎರಡನೆಯದರಲ್ಲಿ ಜವಾರಿ ಮರಿ, ಅದೇ ಫೀಡ್. ಮೂರನೆಯದರಲ್ಲಿ ಬ್ರಾಯ್ಲರ್ ಮರಿ, ಆದರೆ ಮೇವು ಬರೀ ಜೋಳದ ನುಚ್ಚು, ಅಕ್ಕಿ ನುಚ್ಚು. ಬಿಸಿ, ನೀರು, ಲಸಿಕೆ ಮೂರಕ್ಕೂ ಒಂದೇ.

ಆರು ವಾರಕ್ಕೆ ಮೊದಲ ಪೆನ್ ಎರಡೂವರೆ ಕೆಜಿ ಹತ್ತಿರ ಬಂತು. ಜವಾರಿ ಅಷ್ಟು ಒಳ್ಳೆಯ ಫೀಡ್ ತಿಂದೂ ಅರ್ಧ ಕೆಜಿ ಮುಟ್ಟಲಿಲ್ಲ. ನುಚ್ಚು ತಿಂದ ಬ್ರಾಯ್ಲರ್ ಏಳುನೂರು ಗ್ರಾಂ ಆಸುಪಾಸಿನಲ್ಲಿ ನಿಂತಿತು. ರೆಕ್ಕೆ ಸರಿಯಾಗಿ ಮುಚ್ಚಿರಲಿಲ್ಲ, ಕೆಲವಕ್ಕೆ ಕಾಲು ಸೊಟ್ಟ. ಅಂದರೆ ತಳಿ ಮುಖ್ಯ, ಆದರೆ ಆ ತಳಿಗೆ ಬೇಕಾದ ಪ್ರೋಟೀನ್, ಲೈಸಿನ್, ಮೆಥಿಯೋನಿನ್, ಕ್ಯಾಲ್ಸಿಯಂ, ರಂಜಕ ಸಿಗದಿದ್ದರೆ ಅದೂ ಬೆಳೆಯುವುದಿಲ್ಲ. ಹಾರ್ಮೋನ್ ಪ್ರಶ್ನೆ ಕೇಳಿದ ಮೂರು ನಾಲ್ಕು ಮನೆಯವರನ್ನು ಕರೆದು ಮೂರೂ ಪೆನ್ ತೋರಿಸಿದೆ. ಅವರು ಈಗ ನನ್ನ ಖಾಯಂ ಗಿರಾಕಿಗಳು.

ಇದನ್ನೇ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಸರಿಯಾಗಿ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. 1957ರ ತಳಿ, 1978ರ ತಳಿ, 2005ರ ತಳಿ, ಮೂರಕ್ಕೂ ಒಂದೇ ಫೀಡ್. 56 ದಿನಕ್ಕೆ ಹಳೆಯದು 900 ಗ್ರಾಂ ಚಿಲ್ಲರೆ, ನಡುವಿನದು 1.8 ಕೆಜಿ, ಹೊಸದು 4.2 ಕೆಜಿ. ಕಾರ್ನಿಷ್ ಕಡೆಯ ಹುಂಜ, ವೈಟ್ ಪ್ಲಿಮತ್ ರಾಕ್ ಕಡೆಯ ಹೇಂಟೆ, ಈ ಸಾಲುಗಳಲ್ಲಿ ಬೇಗ ಬೆಳೆದವನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಬಂದಿದ್ದರ ಫಲ ಅದು. ನಮ್ಮ ಕಾಬ್, ರಾಸ್ ತಳಿಯ ಮರಿಗಳು ಅಂಥ ಆಯ್ಕೆಯಿಂದಲೇ ಬಂದವು. ಬೆಳೆಯುವ ಶಕ್ತಿಯನ್ನು ಮರಿ ಬಾಕ್ಸ್‌ನಲ್ಲೇ ತಂದಿರುತ್ತದೆ. ನಮ್ಮ ಕೆಲಸ ಅದಕ್ಕೆ ಅಡ್ಡ ಬರದಿರುವುದು. ಚಳಿಗಾಲದಲ್ಲಿ ಅಡ್ಡ ಬರುತ್ತಿದ್ದದ್ದು ಮೊದಲ ವಾರ.

ಸಾಸವಡದಲ್ಲಿ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗೆ ಇಳಿಯುತ್ತದೆ. ಮೊದಲ ನಾಲ್ಕೈದು ದಿನ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಆಗುವುದಿಲ್ಲ. ಚಳಿ ಬಿದ್ದರೆ ಒಂದರ ಮೇಲೊಂದು ಬಿದ್ದು ಕೂರುತ್ತವೆ, ಫೀಡ್ ಹತ್ತಿರ ಹೋಗುವುದೇ ಇಲ್ಲ. ಕರುಳು ಬೆಳೆಯಬೇಕಾದ ದಿನಗಳು ಅವು, ಆಮೇಲೆ ಆ ನಷ್ಟ ತುಂಬುವುದಿಲ್ಲ. ನನ್ನ ವಹಿಯ ಪ್ರಕಾರ ಏಳನೇ ದಿನ ಹತ್ತು ಗ್ರಾಂ ಕಡಿಮೆ ಇದ್ದರೆ ಲಿಫ್ಟಿಂಗ್ ವೇಳೆಗೆ ಐವತ್ತು ಅರವತ್ತು ಗ್ರಾಂ ಕಡಿಮೆ. ಹಳೆಯ ಚಳಿಗಾಲಗಳಲ್ಲಿ ನಮ್ಮ ಏಳನೇ ದಿನದ ತೂಕ 140 ಗ್ರಾಂ. ಒಂದು ಕೆಜಿ ತೂಕಕ್ಕೆ ಎಷ್ಟು ಕೆಜಿ ಫೀಡ್ ಹೋಯಿತು ಎನ್ನುವ ಎಫ್‌ಸಿಆರ್ 1.85, ಸಾವು ನೂರಕ್ಕೆ ಎಂಟು. ಟಾನಿಕ್, ಲಿವರ್ ಔಷಧಿ, ಪುಡಿ ಎಂದು ಕೋಳಿಗೆ ಎರಡು ರೂಪಾಯಿ ಹೋಗುತ್ತಿತ್ತು. ತೂಕ ಮಾತ್ರ ಅಲ್ಲೇ.

ಮೊದಲು ಬುಖಾರಿ, ಅಂದರೆ ಶೆಡ್ ಬಿಸಿ ಮಾಡುವ ಇದ್ದಲ ಒಲೆ, ಜಾಸ್ತಿ ಮಾಡಿ, ಪರದೆ ಮೇಲಿಂದ ಕೆಳಗೆ ಪೂರ್ತಿ ಮುಚ್ಚಿದೆವು. ಏಳನೇ ದಿನದ ತೂಕ ಚೆನ್ನಾಗಿ ಬಂತು. ಆದರೆ ನಾಲ್ಕನೇ ವಾರ ದಾಟುತ್ತಿದ್ದಂತೆ ದಪ್ಪ ದಪ್ಪ ಕೋಳಿಗಳೇ ಸಾಯತೊಡಗಿದವು. ಕೊಯ್ದು ನೋಡಿದರೆ ಹೊಟ್ಟೆ ತುಂಬ ಹಳದಿ ನೀರು. ಅಸೈಟಿಸ್. ಬೇಗ ಬೆಳೆಯುವ ಮೈಗೆ ಆಮ್ಲಜನಕ ಜಾಸ್ತಿ ಬೇಕು, ಹೃದಯ-ಶ್ವಾಸಕೋಶ ಆ ವೇಗಕ್ಕೆ ಬೆಳೆದಿರುವುದಿಲ್ಲ. ಅದರ ಮೇಲೆ ಮುಚ್ಚಿದ ಶೆಡ್‌ನ ಹೊಗೆ, ಅಮೋನಿಯಾ. ಆ ಬ್ಯಾಚ್‌ನಲ್ಲಿ ನಲವತ್ತು ಸಾವಿರದಷ್ಟು ಕಳೆದುಕೊಂಡೆವು. ಭಾವ "ಟಾನಿಕ್ ನಿಲ್ಲಿಸಿದ್ದಕ್ಕೇ ಹಿಂಗಾತು" ಎಂದರು.

ಈಗ ಮಾಡುವುದು ಹೀಗೆ. ಮರಿ ಬರುವ ಹಿಂದಿನ ದಿನವೇ ಬುಖಾರಿ ಹಚ್ಚುತ್ತೇವೆ. ಗಾಳಿ ಬಿಸಿಯಾದರೆ ಸಾಲದು, ಭತ್ತದ ಹೊಟ್ಟೂ ಬಿಸಿಯಾಗಬೇಕು. ಹೊಟ್ಟು ಮೂರು ಇಂಚು. ಮರಿಯ ಬೆನ್ನಿನ ಎತ್ತರದಲ್ಲಿ ತೂಗಿಸಿದ ಥರ್ಮಾಮೀಟರ್ 33 ತೋರಿಸಬೇಕು. ಬುಖಾರಿಯ ಕೊಳವೆ ಛಾವಣಿಯ ಹೊರಗೆ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಮೇಲೆ ಒಂದು ಅಡಿ ಯಾವಾಗಲೂ ತೆರೆದೇ ಬಿಡುತ್ತೇವೆ. ಕೆಟ್ಟ ಗಾಳಿ ಮೇಲಿಂದ ಹೋಗುತ್ತದೆ, ಮರಿಗೆ ಗಾಳಿ ತಾಗುವುದಿಲ್ಲ. ಬಿಸಿ ಸೋರುತ್ತದೆ ನಿಜ, ಅಷ್ಟಕ್ಕೆ ಇದ್ದಲು ಜಾಸ್ತಿ ಬೇಕು. ಶೆಡ್ ಒಳಗೆ ಹೋಗಿ ಮಂಡಿ ಊರಿ ಕೂತಾಗ ಕಣ್ಣು ಉರಿದರೆ ಇನ್ನೂ ತೆರೆಯಬೇಕು ಅಂತ ಅರ್ಥ.

ಥರ್ಮಾಮೀಟರ್‌ಗಿಂತ ಮರಿಯನ್ನು ನಂಬಿ. ಮರಿ ಇಳಿಸಿ ಎಂಟು ಗಂಟೆ ಆದ ಮೇಲೆ ಅಲ್ಲಲ್ಲಿಂದ ಮರಿ ಹಿಡಿದು ಕ್ರಾಪ್, ಅಂದರೆ ಕುತ್ತಿಗೆ ಬುಡದ ಮೇವಿನ ಚೀಲ, ಮುಟ್ಟಿ ನೋಡುತ್ತೇನೆ. ಗಂಜಿಯ ಹಾಗೆ ಮೆತ್ತಗಿದ್ದರೆ ಮೇವು, ನೀರು ಎರಡೂ ಹೋಗಿದೆ. ಗಟ್ಟಿ ಇದ್ದರೆ ನೀರು ಸಿಕ್ಕಿಲ್ಲ. ಹತ್ತರಲ್ಲಿ ಎಂಟಾದರೂ ತುಂಬಿರಬೇಕು, ಮಾರನೇ ದಿನಕ್ಕೆ ಎಲ್ಲವೂ. ಮರಿಯ ಪಾದವನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗಿದ್ದರೆ ಹೊಟ್ಟು ತಣ್ಣಗಿದೆ. ಹಾಗಿದ್ದಾಗ ಗಾಳಿ 33 ಇದ್ದರೂ ಉಪಯೋಗವಿಲ್ಲ. ಎಲ್ಲ ಒಂದೇ ಮೂಲೆಗೆ ಸರಿದಿದ್ದರೆ ಎದುರು ಕಡೆ ಪರದೆ ಎಲ್ಲೋ ಹರಿದಿದೆ. ಕುಡಿಯುವ ನೀರನ್ನೂ ಮೊದಲ ಮೂರು ದಿನ ಉಗುರು ಬೆಚ್ಚಗೆ ಕೊಡುತ್ತೇನೆ.

ಈ ಬ್ಯಾಚ್‌ನಲ್ಲಿ ಏಳನೇ ದಿನ 190 ಗ್ರಾಂ ಆಗಿತ್ತು. ಬಾಕ್ಸ್‌ನಿಂದ ಇಳಿದಾಗ 42. ಎಫ್‌ಸಿಆರ್ 1.65 ಹತ್ತಿರ, ಸಾವು ನೂರಕ್ಕೆ ನಾಲ್ಕು. ಎರಡು ಕೆಜಿ ಕೋಳಿಗೆ ನಾನೂರು ಗ್ರಾಂ ಫೀಡ್ ಉಳಿಯಿತು. ಫೀಡ್ ಕೆಜಿಗೆ ನಲವತ್ತರ ಆಸುಪಾಸು ಇತ್ತು, ಅಂದರೆ ಕೋಳಿಗೆ ಹದಿನಾರು ರೂಪಾಯಿ. ಇದ್ದಲು, ಹೊಟ್ಟು, ರಾತ್ರಿ ಕಾವಲಿನವನ ಕೂಲಿ ಎಲ್ಲ ಸೇರಿ ಜಾಸ್ತಿ ಆದದ್ದು ಮೂರು ನಾಲ್ಕು ರೂಪಾಯಿ. ಇದರ ಜೊತೆ ಎರಡನೇ ವಾರದಿಂದ ರಾತ್ರಿ ಕೆಲವು ಗಂಟೆ ದೀಪ ಆರಿಸುತ್ತೇನೆ. ಕಾಲು, ಹೃದಯ ಎರಡಕ್ಕೂ ಅದು ಒಳ್ಳೆಯದು. ಯಾವ ಹೊತ್ತಿಗೆ, ಎಷ್ಟು ಗಂಟೆ ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಬುಖಾರಿಗಳನ್ನು ಇಡುವ ಜಾಗವೂ ಹಾಗೇ.

ಗಿರಾಕಿಗಳಿಗೆ ನಾನು ಹೇಳುವುದು ಇನ್ನೊಂದಿದೆ. ಹಾರ್ಮೋನ್ ಬದಲು ಆಂಟಿಬಯೋಟಿಕ್ ಬಗ್ಗೆ ಕೇಳಿ. ಅದು ನಿಜವಾಗಿ ಇರುವ ತೊಂದರೆ. ರೋಗ ಇಲ್ಲದಿದ್ದರೂ ತೂಕ ಬರಲಿ ಎಂದು ಫೀಡ್‌ನಲ್ಲಿ ಸ್ವಲ್ಪ ಸ್ವಲ್ಪ ಹಾಕುವ ರೂಢಿ ನಮ್ಮ ಧಂದೆಯಲ್ಲಿ ಇದೆ. ಅದರಿಂದ ಔಷಧಿಗೆ ಬಗ್ಗದ ರೋಗಾಣು ಹುಟ್ಟುತ್ತವೆ, ನಮ್ಮ ಮಕ್ಕಳಿಗೇ ನಾಳೆ ಆ ಔಷಧಿ ಕೆಲಸ ಮಾಡುವುದಿಲ್ಲ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡ ಕೊಲಿಸ್ಟಿನ್ ಅನ್ನು ಕೋಳಿ, ದನಗಳಿಗೆ ಕೊಡಬಾರದೆಂದು 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ಇದಕ್ಕೇ. ರೋಗ ಬಂದರೆ ನಾನೂ ಡಾಕ್ಟರ್ ಬರೆದ ಔಷಧಿ ಕೊಡುತ್ತೇನೆ. ಆದರೆ ಅವರು ಹೇಳಿದಷ್ಟು ದಿನ ಕಳೆಯುವ ತನಕ ಆ ಕೋಳಿ ಶೆಡ್ ಬಿಟ್ಟು ಹೋಗುವುದಿಲ್ಲ, ವ್ಯಾಪಾರಿ ಎಷ್ಟೇ ಒತ್ತಾಯ ಮಾಡಿದರೂ.

ಬೇಸಿಗೆಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ನಲವತ್ತಕ್ಕೆ ಹೋದಾಗ ಎರಡು ಕೆಜಿಯ ಕೋಳಿ ತನ್ನ ಮೈ ಬಿಸಿಯನ್ನೇ ಹೊರಗೆ ಹಾಕಲಾರದೆ ಬಾಯಿ ಬಿಟ್ಟು ಸಾಯುತ್ತದೆ. ಚೆನ್ನಾಗಿ ಬೆಳೆದವೇ ಮೊದಲು ಹೋಗುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ಫೀಡರ್ ಮೇಲಕ್ಕೆ ಎತ್ತಿ, ಬೆಳಗಿನ ಜಾವ ತಿನ್ನಿಸಿ ನೋಡುತ್ತಿದ್ದೇನೆ. ಸಾವು ಕಡಿಮೆಯಾಗಿದೆ, ತೂಕ ಮಾತ್ರ ಇನ್ನೂ ನೂರೈವತ್ತು ಗ್ರಾಂ ಹಿಂದೆ ಇದೆ.