ಎಂಟು ಜಿಬಿ ಟಿವಿಯಲ್ಲಿ ಜಾಗ ಸಿಕ್ಕಿದ ಬಗೆ

ಮಂಡ್ಯದ ನಮ್ಮ ಮನೆಯ ಆಂಡ್ರಾಯ್ಡ್ ಟಿವಿಯ ಒಳಸಂಗ್ರಹ 8 ಜಿಬಿ ಎಂದು ಡಬ್ಬದ ಮೇಲಿದ್ದರೂ, ಕಾರ್ಯವ್ಯವಸ್ಥೆ ತನ್ನ ಪಾಲನ್ನು ಹಿಡಿದುಕೊಂಡ ಮೇಲೆ ನಮಗೆ ಉಳಿದದ್ದು ಸುಮಾರು 4.5 ಜಿಬಿ ಮಾತ್ರ. ಕಳೆದ ತಿಂಗಳು ಅದರಲ್ಲಿ 190 ಎಂಬಿ ಮಾತ್ರ ಖಾಲಿಯಿದ್ದು, ಯಾವ ಆ್ಯಪ್ ಕೂಡ ಅಪ್‌ಡೇಟ್ ಆಗುತ್ತಿರಲಿಲ್ಲ.

ಮೊದಲು ಎಲ್ಲರಂತೆ ನಾನೂ ಆ್ಯಪ್‌ಗಳು ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಕ್ಯಾಶ್ ಅಳಿಸಿದೆ. ಸುಮಾರು 400 ಎಂಬಿ ಸಿಕ್ಕಿತಾದರೂ, ಅಮ್ಮ ನಾಲ್ಕು ದಿನ ಧಾರಾವಾಹಿ ನೋಡುವಷ್ಟರಲ್ಲಿ ಅದು ಮತ್ತೆ ತುಂಬಿತು. ಕ್ಯಾಶ್ ಇರುವುದೇ ತುಂಬಿಕೊಳ್ಳುವುದಕ್ಕೆ.

ನಿಜವಾದ ಕಾರಣ ಬೇರೆಯಿತ್ತು. ಕಾರ್ಖಾನೆಯಿಂದಲೇ ಬಂದ ಆ್ಯಪ್‌ಗಳ ಮೂಲ ಪ್ರತಿ ವ್ಯವಸ್ಥೆಯ ವಿಭಾಗದಲ್ಲಿರುತ್ತದೆ, ಆದರೆ ಅವುಗಳ ಅಪ್‌ಡೇಟ್ ನಮ್ಮ ಪಾಲಿನ ಜಾಗದಲ್ಲಿ ಎರಡನೆಯ ಪೂರ್ಣ ಪ್ರತಿಯಾಗಿ ಕೂರುತ್ತದೆ. ನಾವು ಒಮ್ಮೆಯೂ ತೆರೆಯದ ಐದು ಆ್ಯಪ್‌ಗಳು ಹೀಗೆ ಜಾಗ ತಿನ್ನುತ್ತಿದ್ದವು. Settings ಒಳಗಿನ Apps ಪಟ್ಟಿಯಲ್ಲಿ ಒಂದೊಂದನ್ನೂ ತೆರೆದು ಮೊದಲು Uninstall updates, ಬಳಿಕ Disable ಒತ್ತಿದೆ. ಕೇವಲ ಮೊದಲನೆಯದನ್ನು ಮಾಡಿ ಬಿಟ್ಟರೆ ಪ್ಲೇ ಸ್ಟೋರ್ ರಾತ್ರೋರಾತ್ರಿ ಅದೇ ಅಪ್‌ಡೇಟನ್ನು ಮರಳಿ ತರುತ್ತದೆ; ನಾನೇ ಒಮ್ಮೆ ಮೋಸಹೋದೆ. ಈಗ 1.3 ಜಿಬಿ ಖಾಲಿಯಿದೆ, ಮೂರು ವಾರವಾದರೂ ಹೆಚ್ಚು ಇಳಿದಿಲ್ಲ.

ಹೆಸರಿನಿಂದ ಏನೆಂದು ತಿಳಿಯದ ವ್ಯವಸ್ಥೆಯ ಆ್ಯಪ್‌ಗಳನ್ನು ನಾನು ಮುಟ್ಟಲಿಲ್ಲ. ನಿತ್ಯ ನೋಡುವ ಆ್ಯಪ್‌ಗಳಲ್ಲಿ Clear data ಒತ್ತಿದರೆ ಲಾಗಿನ್ ಅಳಿದುಹೋಗುತ್ತದೆ, ರಿಮೋಟಿನಲ್ಲಿ ಪಾಸ್‌ವರ್ಡ್ ಒತ್ತುವ ಕಷ್ಟ ಗೊತ್ತಿದ್ದವರು ಅದನ್ನು ಒತ್ತುವುದಿಲ್ಲ.